ಕಸ ಗುಡಿಸಲು ಒಂಬತ್ತು ಸೆಕೆಂಡು

ಬಸ್ ಟಿಕೆಟ್ ಕಾಯ್ದಿರಿಸುವ ಜಾವಾ ಸೇವೆಯೊಂದು ದಿನಾ ಸಂಜೆಯಾಗುತ್ತಲೇ ತೆವಳತೊಡಗುತ್ತಿತ್ತು. ಲಾಗ್ ತೆಗೆದರೆ ಕಂಡದ್ದು ಈ ಸಾಲು:

```
GC(412) Pause Full (G1 Compaction Pause) 7902M->7588M(8192M) 9214.317ms
```

ಪ್ರೋಗ್ರಾಂ ಸೃಷ್ಟಿಸುವ ವಸ್ತುಗಳೆಲ್ಲ ಕೂರುವ ಜಾಗ ಹೀಪ್. ಅದರಲ್ಲಿ ಯಾರಿಗೂ ಬೇಡವಾದವನ್ನು ಗುಡಿಸುವುದು ಗಾರ್ಬೇಜ್ ಕಲೆಕ್ಟರ್. ಇಲ್ಲಿ ಅದು ಇಡೀ ಸೇವೆಯನ್ನು 9 ಸೆಕೆಂಡು ನಿಲ್ಲಿಸಿ, ಮೂಲೆಮೂಲೆ ಗುಡಿಸಿದರೂ ಸಿಕ್ಕ ಕಸ ಬರೀ 314 ಎಂಬಿ. ಅಂದರೆ ಮಿಕ್ಕದ್ದು ಕಸವೇ ಅಲ್ಲ, ಯಾರೋ ಹಿಡಿದಿಟ್ಟುಕೊಂಡ ಸಾಮಾನು. ಗುಡಿಸಿದ ಮೇಲೆ ಉಳಿಯುವ ಅಂಕಿ ಬೆಳಗ್ಗೆ 2 ಜಿಬಿ, ಮಧ್ಯಾಹ್ನ 4, ಸಂಜೆಗೆ 7.5. ಹೀಪ್ ದೊಡ್ಡದು ಮಾಡಿದ್ದರೆ ಸಂಜೆಯ ತೊಂದರೆ ರಾತ್ರಿಗೆ ಹೋಗುತ್ತಿತ್ತು, ಅಷ್ಟೇ.

ಹಿಡಿದಿಟ್ಟವರು ಯಾರೆಂದು ತಿಳಿಯಲು ಹೀಪ್ ಡಂಪ್ ಬೇಕು. ಹೀಪಿನಲ್ಲಿರುವುದನ್ನೆಲ್ಲ ಹಾಗೇ ಫೈಲಿಗೆ ಬರೆದುಕೊಳ್ಳುವುದು. ಬರೆಯುವಷ್ಟು ಹೊತ್ತೂ ಸೇವೆ ನಿಂತಿರುತ್ತದೆ. ಮೊದಲ ದಿನ ನಾನು ಎಡವಿದ್ದು ಇಲ್ಲೇ. ಸೇವೆ ಓಡುತ್ತಿದ್ದುದು ಕುಬರ್ನೆಟಿಸ್‌ನಲ್ಲಿ. ಅದು 10 ಸೆಕೆಂಡಿಗೊಮ್ಮೆ 'ಬದುಕಿದ್ದೀಯಾ?' ಎಂದು ಕೇಳುತ್ತದೆ. ಮೂರು ಸಲ ಉತ್ತರ ಬರದಿದ್ದರೆ ಕಂಟೇನರನ್ನು ಕೊಂದು ಹೊಸದು ಎಬ್ಬಿಸುತ್ತದೆ. ಡಂಪ್ ಅರ್ಧ ಬರೆಯುವಷ್ಟರಲ್ಲಿ ಕೊಂದೇಬಿಟ್ಟಿತು. ಕಂಟೇನರಿನ ಜೊತೆ ಫೈಲೂ ಹೋಯಿತು. ಆ ಪಾಡ್‌ಗೆ ಗ್ರಾಹಕರು ಬರದಂತೆ ಮೊದಲೇ ಬೇರ್ಪಡಿಸಿದ್ದೆ, ಆದರೆ ಬೇರ್ಪಡಿಸಿದರೂ ಈ ವಿಚಾರಣೆ ನಿಲ್ಲುವುದಿಲ್ಲ.

ಮಾರನೆಯ ಬೆಳಗ್ಗೆ ವಿಚಾರಣೆಯ ಗಡುವನ್ನು ಹತ್ತು ನಿಮಿಷಕ್ಕೆ ಏರಿಸಿ, ಕಂಟೇನರ್ ಸತ್ತರೂ ಉಳಿಯುವ, 20 ಜಿಬಿ ಖಾಲಿಯಿದ್ದ ಬೇರೆ ವಾಲ್ಯೂಮ್ ಜೋಡಿಸಿದೆ. ಸಂಜೆ ಒಂದು ಪಾಡನ್ನು ಬೇರ್ಪಡಿಸಿ ಇಷ್ಟು ಕೊಟ್ಟೆ:

```
jcmd 1 GC.heap_dump -all /dumps/a.hprof
```

`-all` ಇಲ್ಲದಿದ್ದರೆ ಜೆವಿಎಂ ಡಂಪಿಗೆ ಮುಂಚೆ ಪೂರ್ತಿ ಗುಡಿಸಲು ಹೊರಡುತ್ತದೆ. ಇನ್ನೊಂದು 9 ಸೆಕೆಂಡು. ಕಸವೂ ಫೈಲಿಗೆ ಬಂದರೆ ಫೈಲು ಕೊಂಚ ದಪ್ಪ, ಅಷ್ಟೇ. ತೆರೆಯುವಾಗ ಎಕ್ಲಿಪ್ಸ್ ಮ್ಯಾಟ್ ಅದನ್ನು ತಾನೇ ಬಿಟ್ಟುಬಿಡುತ್ತದೆ.

ಮ್ಯಾಟ್‌ನ ಡಾಮಿನೇಟರ್ ಟ್ರೀಯಲ್ಲಿ, ಯಾವುದು ಹೋದರೆ ಎಷ್ಟು ಜಾಗ ಬಿಡುಗಡೆಯಾಗುತ್ತದೆ ಎಂಬ ಲೆಕ್ಕವಿರುತ್ತದೆ. ಮೊದಲ ಸಾಲಿನಲ್ಲೇ ಒಂದು `HashMap`, ಸುಮಾರು 5 ಜಿಬಿ. ಹುಡುಕಾಟದ ಫಲಿತಾಂಶ ನೆನಪಿಡುವ ಕ್ಯಾಶ್ ಅದು. ಬಿಚ್ಚಿ ನೋಡಿದರೆ ಒಂದೇ ಊರು, ಒಂದೇ ತಾರೀಖಿನ ಕೀ ಸಾವಿರಾರು ಸಲ! ಕೀಯ ಕ್ಲಾಸಿಗೆ `equals`, `hashCode` ಬರೆದಿರಲೇ ಇಲ್ಲ. ಹಾಗಾಗಿ ಜಾವಾ ಕಣ್ಣಿಗೆ ಪ್ರತಿ ಹುಡುಕಾಟವೂ ಹೊಸದು: ಇಟ್ಟದ್ದು ಮತ್ತೆ ಸಿಗದು, ತೆಗೆಯುವವರೂ ಇಲ್ಲ. ಆ ಎರಡು ಮೆಥಡ್ ಬರೆದು, ಕ್ಯಾಶಿಗೆ ಗರಿಷ್ಠ ಮಿತಿ ಹಾಕಿದ ಮೇಲೆ ಸಂಜೆಯ ಅಂಕಿಯೂ 2 ಜಿಬಿಯ ಆಸುಪಾಸಿನಲ್ಲೇ ನಿಂತಿತು.

ಅದೇ ಡಂಪಿನಲ್ಲಿ ಪ್ರಯಾಣಿಕರ ಫೋನ್ ನಂಬರುಗಳು, ಡೇಟಾಬೇಸ್ ಪಾಸ್‌ವರ್ಡ್ ಎಲ್ಲ ಬಿಡಿಬಿಡಿಯಾಗಿ ಓದುವಂತಿದ್ದವು. ಸಹೋದ್ಯೋಗಿಯೊಬ್ಬರು 'ನನಗೂ ಕಳಿಸಿ' ಎಂದರು. ಕಳಿಸಲಿಲ್ಲ, ನನ್ನ ಪರದೆಯಲ್ಲೇ ತೋರಿಸಿ, ಅಂದೇ ಅಳಿಸಿದೆ.