ಕೌಂಟರಿನಲ್ಲಿ ಹೆಚ್ಚಿಗೆ ಕೊಟ್ಟ ಅರವತ್ತು ರೂಪಾಯಿ

1999ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ವಕೀಲರೊಬ್ಬರು ಮಥುರಾದಿಂದ ಮೊರಾದಾಬಾದಿಗೆ ಎರಡು ಟಿಕೆಟ್ ಕೊಂಡರು. ಒಂದಕ್ಕೆ 35 ರೂಪಾಯಿಯಂತೆ 70 ಆಗಬೇಕಿತ್ತು. ಅವರು ನೂರರ ನೋಟು ಕೊಟ್ಟರು. ವಾಪಸ್ ಬಂದದ್ದು ಹತ್ತೇ ರೂಪಾಯಿ. ಉಳಿದ ಇಪ್ಪತ್ತಕ್ಕಾಗಿ ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ನೂರಕ್ಕೂ ಹೆಚ್ಚು ಸಲ ವಿಚಾರಣೆ ನಡೆದು, 2022ರಲ್ಲಿ ತೀರ್ಪು ಅವರ ಪರವಾಗಿ ಬಂತು. ಇಪ್ಪತ್ತು ರೂಪಾಯಿಗೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, ಜೊತೆಗೆ 15,000 ರೂಪಾಯಿ ಪರಿಹಾರ.

ಎಲ್ಲರಿಗೂ ಇಪ್ಪತ್ತೆರಡು ವರ್ಷ ಅಲೆಯಲು ಆಗುವುದಿಲ್ಲ. ಆದರೆ ಒಂದು ಪತ್ರ ಬರೆಯಲು ಆಗುತ್ತದೆ. ಆ ಪತ್ರದಲ್ಲಿ ಏನಿರಬೇಕು ಎಂಬುದು ಹಣ ಹೆಚ್ಚಾಗಿ ಹೋದದ್ದು ಹೇಗೆ ಎಂಬುದರ ಮೇಲೆ ನಿಂತಿದೆ.

ಟಿಕೆಟ್ಟಿನಲ್ಲಿ ಸರಿಯಾದ ದರವೇ ಇದ್ದು, ಚಿಲ್ಲರೆ ಕಡಿಮೆ ಬಂದರೆ ಕಾಗದದ ಸಾಕ್ಷಿ ಇರುವುದಿಲ್ಲ. ಕಿಟಕಿ ಬಿಡುವ ಮೊದಲೇ ಕೇಳಬೇಕು. ಕೊಡದಿದ್ದರೆ ಅಲ್ಲೇ ಸ್ಟೇಷನ್ ಮಾಸ್ತರರ ಬಳಿ ದೂರು ಪುಸ್ತಕ ಕೇಳಿ ಬರೆಯಬೇಕು. ಗುಮಾಸ್ತರು ಪಾಳಿ ಮುಗಿದಾಗ ಟಿಕೆಟ್ ಲೆಕ್ಕಕ್ಕೂ ಕೈಯಲ್ಲಿರುವ ನಗದಿಗೂ ತಾಳೆ ಹಾಕಬೇಕಾಗುತ್ತದೆ. ಹಾಗಾಗಿ ಕಿಟಕಿಯ ಸಂಖ್ಯೆ, ಸಮಯ ಬರೆದು, ‘ಆ ಪಾಳಿಯ ನಗದು ಲೆಕ್ಕ ಪರಿಶೀಲಿಸಿ’ ಎಂದು ಪತ್ರದಲ್ಲಿ ಕೇಳಿದರೆ ನೋಡುವವರಿಗೆ ಒಂದು ದಾರಿ ಸಿಗುತ್ತದೆ.

ಟಿಕೆಟ್ಟಿನಲ್ಲೇ ಹೆಚ್ಚಿನ ದರ ಅಚ್ಚಾಗಿದ್ದರೆ ನಮ್ಮ ಕೈ ಗಟ್ಟಿ. ಒಂದು ಉದಾಹರಣೆ ನೋಡೋಣ. ನಾಲ್ವರು ದೊಡ್ಡವರು ಕಾಯ್ದಿರಿಸದ ಎರಡನೇ ದರ್ಜೆಯಲ್ಲಿ ಸಾಮಾನ್ಯ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಕೇಳುತ್ತಾರೆ. ಸಾಲು ಉದ್ದವಿದೆ, ಗುಮಾಸ್ತರು ಸೂಪರ್‌ಫಾಸ್ಟ್ ಟಿಕೆಟ್ ಕೊಟ್ಟುಬಿಡುತ್ತಾರೆ. ಈ ದರ್ಜೆಯಲ್ಲಿ ಸೂಪರ್‌ಫಾಸ್ಟ್ ಶುಲ್ಕ ಒಬ್ಬರಿಗೆ 15 ರೂಪಾಯಿ, ನಾಲ್ವರಿಗೆ 60. ಟಿಕೆಟ್ಟಿನ ಮೇಲೆ ಗಾಡಿಯ ಬಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಆದರೆ ನಾವು ನೋಡುವುದು ಊರಿನ ಹೆಸರು ಮತ್ತು ಮೊತ್ತ ಮಾತ್ರ. ಸೂಪರ್‌ಫಾಸ್ಟ್ ಗಾಡಿಗಳ ಸಂಖ್ಯೆ ಸಾಮಾನ್ಯವಾಗಿ 12, 20 ಅಥವಾ 22ರಿಂದ ಶುರುವಾಗುತ್ತದೆ. ನೀವು ಹತ್ತುವ ಗಾಡಿಯ ಸಂಖ್ಯೆ 16ರಿಂದ ಶುರುವಾಗಿದ್ದರೆ ಆ ಶುಲ್ಕ ಬೀಳಬಾರದು.

ಇಲ್ಲಿ ಬಹಳ ಜನ ಎಡವುತ್ತಾರೆ. ಪತ್ರದಲ್ಲಿ ‘ಟಿಕೆಟ್ ಹಣ ವಾಪಸ್ ಕೊಡಿ’ ಎಂದು ಬರೆದರೆ ಅದು ರದ್ದತಿಯ ಅರ್ಜಿಯಂತೆ ಕಾಣುತ್ತದೆ. ಕಾಯ್ದಿರಿಸದ ಟಿಕೆಟ್ ರದ್ದು ಮಾಡಿದರೆ ಒಬ್ಬರಿಗೆ 30 ರೂಪಾಯಿ ಕಡಿತ, ನಾಲ್ವರಿಗೆ 120. ಅರವತ್ತನ್ನು ಪಡೆಯಲು ಹೋಗಿ ಅದರ ಎರಡರಷ್ಟು ಕಳೆದುಕೊಂಡಂತೆ! ಆದ್ದರಿಂದ ವಿಷಯದ ಸಾಲಿನಲ್ಲೇ ‘ತಪ್ಪಾಗಿ ವಸೂಲಾದ ಹೆಚ್ಚುವರಿ ಪ್ರಯಾಣದರ’ ಎಂದು ಸ್ಪಷ್ಟವಾಗಿರಲಿ. ಒಳಗೆ ಇಷ್ಟು ಸಾಕು:

‘ಈ ದಿನಾಂಕದಂದು, ಈ ನಿಲ್ದಾಣದ ಇಷ್ಟನೇ ಕಿಟಕಿಯಲ್ಲಿ ನಾಲ್ವರಿಗೆ ಈ ಸಂಖ್ಯೆಯ ಎಕ್ಸ್‌ಪ್ರೆಸ್ ಗಾಡಿಗೆ ಟಿಕೆಟ್ ಕೇಳಿದೆ. ಕೊಟ್ಟದ್ದು ಸೂಪರ್‌ಫಾಸ್ಟ್ ಟಿಕೆಟ್. ನಾವು ಪ್ರಯಾಣಿಸಿದ್ದು ಎಕ್ಸ್‌ಪ್ರೆಸ್ಸಿನಲ್ಲೇ. ತಲಾ 15ರಂತೆ 60 ರೂಪಾಯಿ ಹೆಚ್ಚಿಗೆ ಪಡೆಯಲಾಗಿದೆ. ಟಿಕೆಟ್ ಸಂಖ್ಯೆ ಮತ್ತು ಪ್ರತಿ ಇದರೊಂದಿಗಿದೆ. ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಿ, ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ.’

ಯಾವ ಗಾಡಿಗೆ ಕೇಳಿದಿರಿ ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ‘ನೀವೇ ಸೂಪರ್‌ಫಾಸ್ಟ್ ಕೇಳಿರಬೇಕು’ ಎಂಬ ಉತ್ತರ ಬರಬಹುದು. ಗುಮಾಸ್ತರನ್ನು ಬೈಯುವ ಮಾತೂ ಬೇಡ. ತಪ್ಪಿನ ಲೆಕ್ಕ ತಾನೇ ಮಾತಾಡುತ್ತದೆ.

ಪತ್ರ ಹೋಗಬೇಕಾದ್ದು ಟಿಕೆಟ್ ಕೊಂಡ ನಿಲ್ದಾಣ ಸೇರುವ ವಿಭಾಗದ ಹಿರಿಯ ವಾಣಿಜ್ಯ ವ್ಯವಸ್ಥಾಪಕರಿಗೆ. ನೈಋತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಆದರೆ ನಿಲ್ದಾಣ ಕರ್ನಾಟಕದಲ್ಲಿದ್ದ ಮಾತ್ರಕ್ಕೆ ಪತ್ರ ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ: ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಜೊತೆಗೆ ರೈಲ್ ಮದದ್‌ನಲ್ಲೋ 139ಕ್ಕೆ ಕರೆಮಾಡಿಯೋ ದೂರು ದಾಖಲಿಸಿ, ಸಿಕ್ಕ ದೂರು ಸಂಖ್ಯೆಯನ್ನು ಪತ್ರದಲ್ಲಿ ಬರೆಯಿರಿ.

ಉತ್ತರವೇ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಗಡುವು ಎರಡು ವರ್ಷ. ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ. ಇಂಥ ವಿಷಯ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ಲಿಗೆ ಸೇರಿದ್ದು ಎಂದು ರೈಲ್ವೆ ವಾದಿಸಬಹುದು. ಮಥುರಾದ ವಕೀಲರಿಗೂ ಇದೇ ಅಡ್ಡಿ ಎದುರಾಗಿ, ಅವರು ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ತೋರಿಸಿ ದಾಟಬೇಕಾಯಿತು.

ಇಳಿದ ಮೇಲೆ ಗೇಟಿನಲ್ಲಿ ಟಿಕೆಟ್ ಕೇಳಿದರೆ ಕೊಡಲೇಬೇಕು, ಅದರೊಂದಿಗೆ ಸಾಕ್ಷಿಯೂ ಹೋಗುತ್ತದೆ. ಕೌಂಟರಿನಿಂದ ಸರಿಯುವ ಮೊದಲೇ ಟಿಕೆಟ್ಟಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.