ರಿಫ್ರೆಶ್ ಆದರೂ ಕದಲದ ಲೆಕ್ಕ

ಏಪ್ರಿಲ್ 3ರ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಮಾರ್ಚ್ ತಿಂಗಳ ಮಾರಾಟ 42,00,000 ರೂಪಾಯಿ ಎನ್ನುತ್ತದೆ ಎಂದುಕೊಳ್ಳಿ. ಮಧ್ಯಾಹ್ನ ರಿಫ್ರೆಶ್ ಆದ ಮೇಲೆ ಅದೇ ಅಂಕಿ 40,20,000. ಬೆಳಗಿನ ಅಂಕಿ ನಂಬಿ ಸಭೆಗೆ ಹೋದ ಮ್ಯಾನೇಜರ್ ಪೇಚಿಗೆ ಸಿಲುಕುತ್ತಾರೆ.

ಇಲ್ಲಿ ಯಾರದೂ ತಪ್ಪಿಲ್ಲ. ಗ್ರಾಹಕರು ವಾಪಸ್ ಕೊಟ್ಟ ಸರಕಿನ 1,80,000 ರೂಪಾಯಿಯ ಕ್ರೆಡಿಟ್ ನೋಟನ್ನು ಲೆಕ್ಕಿಗರು ಮಾರ್ಚ್ 31ರ ತಾರೀಖು ಹಾಕಿ ಈಗಷ್ಟೇ ನಮೂದಿಸಿದ್ದಾರೆ. ತಿಂಗಳ ಲೆಕ್ಕ ಮುಗಿಸುವಾಗ ಇದು ಮಾಮೂಲಿ.

ವೋಚರಿನ ತಾರೀಖು ಒಂದು, ಅದು ಸಿಸ್ಟಮ್ಮಿಗೆ ಸೇರಿದ ಸಮಯ ಇನ್ನೊಂದು. ಆ ಸಮಯಕ್ಕೊಂದು ಗಡಿ ಹಾಕಿದರೆ ಹೊಸ ವೋಚರುಗಳು ನುಸುಳುವುದಿಲ್ಲ. ಆದರೆ ಹಳೆಯ ವೋಚರನ್ನೇ ತಿದ್ದಿದರೆ ಅಂಕಿ ಆಗಲೂ ಕದಲುತ್ತದೆ. ಅದಕ್ಕೇ ಗೊತ್ತುಮಾಡಿದ ಹೊತ್ತಿಗೆ ತಿಂಗಳ ಎಲ್ಲ ನಮೂದುಗಳನ್ನು ಬೇರೊಂದು ಟೇಬಲ್ಲಿಗೆ ನಕಲು ಮಾಡಿ, ಡ್ಯಾಶ್‌ಬೋರ್ಡನ್ನು ಆ ಸ್ನ್ಯಾಪ್‌ಶಾಟಿಗೆ ಜೋಡಿಸುವುದು ಭದ್ರ.

ಮೇಲ್ಗಡೆ ‘ತಾತ್ಕಾಲಿಕ: ಏಪ್ರಿಲ್ 2, ಸಂಜೆ 6ರವರೆಗಿನ ಲೆಕ್ಕ’ ಎಂದು ಬರೆದಿರಬೇಕು. ಆಮೇಲಿನ ಬದಲಾವಣೆಯನ್ನು ಮುಚ್ಚಿಡದೆ ಪಕ್ಕದಲ್ಲೇ ತೋರಿಸಬೇಕು: ಒಂದು ಕ್ರೆಡಿಟ್ ನೋಟು, 1,80,000 ಕಡಿತ.

ಹಣಕಾಸು ವಿಭಾಗ ಮಾರ್ಚ್ ತಿಂಗಳನ್ನು ಲಾಕ್ ಮಾಡಿದ ಮೇಲೆ ತೆಗೆದ ನಕಲಿಗೆ ಮಾತ್ರ ‘ಅಂತಿಮ’ ಎಂಬ ಹೆಸರು ಸಲ್ಲುತ್ತದೆ. ಹಳೆಯ ನಕಲುಗಳನ್ನೂ ಅಳಿಸಬೇಡಿ. ಎರಡು ಅಂಕಿಗಳ ವ್ಯತ್ಯಾಸ ಯಾವ ವೋಚರಿನಿಂದ ಬಂತು ಎಂದು ಆಡಿಟರ್ ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.