ಪ್ಯಾಕೆಟ್ ಬಿಚ್ಚದೆ ಚಿನ್ನದ ಆಡಿಟ್ ಮುಗಿಯದು

ಚಿನ್ನದ ಸಾಲದ ಆಡಿಟ್‌ಗೆ ಬರುವವರು ಮುಂಚೆ ಹೇಳಿ ಬರುವುದಿಲ್ಲ. ಶಾಖೆಯ ಬಾಗಿಲು ತೆರೆಯುವ ಹೊತ್ತಿಗೇ ಬಂದು ನಿಂತಿರುತ್ತಾರೆ. ಅವರು ಮೊದಲು ನೋಡುವುದು ಕಂಪ್ಯೂಟರನ್ನಲ್ಲ, ತಿಜೋರಿಯನ್ನು. ಎರಡು ಕೀ ಇಟ್ಟುಕೊಂಡಿರುವ ಇಬ್ಬರು ಅಧಿಕಾರಿಗಳೂ ಎದುರಿಗಿರಬೇಕು, ಒಳಗಿರುವ ಪ್ಯಾಕೆಟ್‌ಗಳ ಎಣಿಕೆ ಅವರ ಮುಂದೆಯೇ ನಡೆಯಬೇಕು.

ಎಣಿಕೆ ಎರಡು ದಿಕ್ಕಿನಿಂದ ಆಗಬೇಕು. ಮೊದಲು ಲೆಡ್ಜರಿನಲ್ಲಿ ಬಾಕಿ ಇರುವ ಪ್ರತಿ ಸಾಲಕ್ಕೂ ತಿಜೋರಿಯಲ್ಲಿ ಪ್ಯಾಕೆಟ್ ಇದೆಯೇ ಎಂದು ನೋಡುತ್ತಾರೆ. ಆಮೇಲೆ ತಿಜೋರಿಯಲ್ಲಿರುವ ಪ್ರತಿ ಪ್ಯಾಕೆಟ್‌ಗೂ ಲೆಡ್ಜರಿನಲ್ಲಿ ಸಾಲ ಇದೆಯೇ ಎಂದು ತಿರುಗಿ ನೋಡುತ್ತಾರೆ. ಮೊದಲನೆಯದರಲ್ಲಿ ವ್ಯತ್ಯಾಸ ಬಂದರೆ ಒಡವೆ ಕಾಣೆಯಾಗಿದೆ ಎಂದರ್ಥ. ಎರಡನೆಯದರಲ್ಲಿ ಬಂದರೆ, ಸಾಲ ತೀರಿಸಿದವರ ಒಡವೆ ಇನ್ನೂ ಒಳಗೇ ಉಳಿದಿದೆ ಎಂದರ್ಥ. ಎಷ್ಟೋ ಶಾಖೆಗಳಲ್ಲಿ ಮೊದಲನೆಯದನ್ನಷ್ಟೇ ಮಾಡಿ ಸಹಿ ಹಾಕಿಬಿಡುತ್ತಾರೆ. ಅದು ಅರ್ಧ ಆಡಿಟ್.

ಆಮೇಲೆ ಕೆಲವು ಪ್ಯಾಕೆಟ್‌ಗಳನ್ನು ಬಿಚ್ಚಿ ಒಡವೆ ಪರೀಕ್ಷಿಸಬೇಕು. ಯಾವ ಪ್ಯಾಕೆಟ್ ಎಂಬುದನ್ನು ಆಡಿಟರ್ ಆರಿಸಬೇಕೇ ಹೊರತು ಶಾಖೆಯವರಲ್ಲ. ಸಾಲ ಕೊಡುವಾಗ ಒಡವೆ ನೋಡಿದ ಅಪ್ರೈಸರ್‌ನಿಂದಲೇ ಮತ್ತೆ ಪರೀಕ್ಷೆ ಮಾಡಿಸಿದರೆ ಅದಕ್ಕೆ ಬೆಲೆಯಿಲ್ಲ, ಬೇರೆ ಅಪ್ರೈಸರ್ ಬರಬೇಕು. ಒರೆಗಲ್ಲಿಗೆ ಉಜ್ಜಿ ಆಸಿಡ್ ಹಾಕುವುದು ಹಳೆಯ ವಿಧಾನ, ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಮೇಲೆ ದಪ್ಪಗೆ ಚಿನ್ನ ಲೇಪಿಸಿದ ಬಳೆಯನ್ನು ಹೊರಮೈಯಲ್ಲಿ ಉಜ್ಜಿದರೆ ಒರೆ ಸರಿಯಾಗೇ ಬರುತ್ತದೆ. ಕ್ಯಾರೆಟ್ ಮೀಟರ್ ಕೂಡ ಮೇಲಿನ ತೀರಾ ತೆಳುವಾದ ಪದರವನ್ನಷ್ಟೇ ಓದುತ್ತದೆ. ಅದಕ್ಕೇ ಅನುಭವವಿರುವ ಅಪ್ರೈಸರ್ ಕೊಂಡಿ, ಬೆಸುಗೆ, ಒಳಬದಿಯ ಸವೆದ ಜಾಗ ಇಂಥಲ್ಲಿ ಉಜ್ಜಿ ನೋಡುತ್ತಾನೆ. ಅಷ್ಟಾದರೂ ಅನುಮಾನ ಉಳಿದರೆ ಒಡವೆಯನ್ನು ನೀರಿನಲ್ಲಿ ಮುಳುಗಿಸಿ ತೂಗುತ್ತಾರೆ. ಅಪ್ಪಟ ಚಿನ್ನ ಅಷ್ಟೇ ಗಾತ್ರದ ನೀರಿಗಿಂತ 19.3 ಪಟ್ಟು ಭಾರ, ತಾಮ್ರ 9 ಪಟ್ಟೂ ಇಲ್ಲ. ಹಾಗಾಗಿ ಒಳಗೆ ತಾಮ್ರವಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಟಂಗ್‌ಸ್ಟನ್ ಮಾತ್ರ ಚಿನ್ನದಷ್ಟೇ ಭಾರವಾದ್ದರಿಂದ ಈ ಪರೀಕ್ಷೆಯನ್ನೂ ದಾಟಿಬಿಡುತ್ತದೆ. ಒಂದೇ ಪರೀಕ್ಷೆಯನ್ನು ನಂಬಬಾರದು ಎನ್ನುವುದು ಇದಕ್ಕೇ.

ನಕಲಿ ಚಿನ್ನದ ಸುಳಿವು ಎಷ್ಟೋ ಸಲ ಒಡವೆಗಿಂತ ಮೊದಲು ಕಾಗದದಲ್ಲಿ ಸಿಗುತ್ತದೆ. ಬೇರೆ ಬೇರೆ ಹೆಸರಿನ ಸಾಲಗಳಿಗೆ ಒಂದೇ ಮೊಬೈಲ್ ನಂಬರ್ ಇರುತ್ತದೆ. ಸಾಲದ ಹಣವೆಲ್ಲ ಅದೇ ದಿನ ಒಂದೇ ಖಾತೆಗೆ ಹೋಗಿರುತ್ತದೆ. ವರ್ಷವರ್ಷವೂ ನವೀಕರಣ ಆಗುತ್ತದೆ, ಒಡವೆ ಬಿಡಿಸಿಕೊಳ್ಳಲು ಮಾತ್ರ ಯಾರೂ ಬರುವುದಿಲ್ಲ. ತನ್ನ ಒಡವೆ ನಿಜವಾದ ಚಿನ್ನ ಎಂದು ಗೊತ್ತಿರುವವರು ಹಬ್ಬಕ್ಕೋ ಮದುವೆಗೋ ಒಮ್ಮೆಯಾದರೂ ಬಿಡಿಸಿಕೊಳ್ಳಲು ನೋಡುತ್ತಾರೆ. ಆಡಿಟರ್ ಇಂಥ ಸಾಲಗಳ ಪ್ಯಾಕೆಟ್‌ಗಳನ್ನೇ ಮೊದಲು ಬಿಚ್ಚಿಸಬೇಕು.

ಬೆಲೆ ಕಟ್ಟುವಲ್ಲಿ ಆಗುವ ತಪ್ಪು ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಹಿಂದಿನ 30 ದಿನಗಳ ಸರಾಸರಿ ದರ ಮತ್ತು ಹಿಂದಿನ ದಿನದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಕಲ್ಲು, ಅರಗು, ದಾರಕ್ಕೆ ಬೆಲೆಯಿಲ್ಲ. ಮನೆಖರ್ಚಿನಂಥ ಅಗತ್ಯಕ್ಕೆ ತೆಗೆಯುವ ಸಾಲ 2.5 ಲಕ್ಷದವರೆಗಿದ್ದರೆ ಚಿನ್ನದ ಬೆಲೆಯ ಶೇ 85, ಅದರ ಮೇಲೆ 5 ಲಕ್ಷದವರೆಗಿದ್ದರೆ ಶೇ 80, ಅದಕ್ಕೂ ಮೇಲಾದರೆ ಶೇ 75 ಮಿತಿ. ಅಸಲು ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ ಈ ಮಿತಿ ಕೈಗೆ ಕೊಟ್ಟ ಹಣಕ್ಕಲ್ಲ, ಕೊನೆಗೆ ಬರಬೇಕಾದ ಪೂರ್ತಿ ಮೊತ್ತಕ್ಕೆ ಅನ್ವಯಿಸುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. 22 ಕ್ಯಾರೆಟ್‌ನ ಕಲ್ಲಿನ ನೆಕ್ಲೇಸ್, ತಕ್ಕಡಿಯಲ್ಲಿ 42.6 ಗ್ರಾಂ. ಗ್ರಾಂಗೆ 9,000 ರೂಪಾಯಿ ದರ ಎಂದುಕೊಳ್ಳಿ. ಶಾಖೆ ಕೊಟ್ಟದ್ದು 2,80,000 ರೂಪಾಯಿ, ಬಡ್ಡಿ ಶೇ 9, ಅವಧಿ ಒಂದು ವರ್ಷ, ಕೊನೆಗೆ ಬರಬೇಕಾದದ್ದು 3,05,200. ರಿಜಿಸ್ಟರಿನಲ್ಲಿ ಒಟ್ಟು ತೂಕವನ್ನೇ ಚಿನ್ನದ ತೂಕ ಎಂದು ಬರೆದು ಬೆಲೆ 3,83,400 ಎಂದು ಕಟ್ಟಿದ್ದಾರೆ. ಆ ಲೆಕ್ಕಕ್ಕೆ ಸಾಲ ಶೇ 80ರ ಒಳಗೇ ಇದೆ, ಕಾಗದ ಚೊಕ್ಕವಾಗಿದೆ. ಆಡಿಟ್‌ನ ಅಪ್ರೈಸರ್ ಪ್ಯಾಕೆಟ್ ಬಿಚ್ಚಿ ಕಲ್ಲು, ಅರಗು ಸೇರಿ 3.1 ಗ್ರಾಂ ಕಳೆಯುತ್ತಾನೆ. ಉಳಿದ ಚಿನ್ನ 39.5 ಗ್ರಾಂ, ಬೆಲೆ 3,55,500. ಈಗ ಸಾಲ ಬೆಲೆಯ ಶೇ 86ರ ಹತ್ತಿರಕ್ಕೆ ಹೋಯಿತು, ಅಂದರೆ ಮಿತಿ ಮೀರಿದ ಸಾಲ. ಬರೀ ಕಾಗದ ನೋಡಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ತೂಗುವ ಮುಂಚೆ ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಚಾಲ್ತಿಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ತಕ್ಕಡಿಯೇ ತಪ್ಪಿದರೆ ಉಳಿದ ಲೆಕ್ಕವೆಲ್ಲ ತಪ್ಪಿದಂತೆ.

ಇನ್ನು ಭದ್ರತೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯಿಂದ ಸುಮಾರು 58 ಕೆ.ಜಿ. ಚಿನ್ನ ಕಳುವಾಯಿತು. ಬಂಧಿತರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರ್ ಕೂಡ ಇದ್ದರು. ಕೀಗಳನ್ನು ನಕಲು ಮಾಡಿಸಲಾಗಿತ್ತು ಎಂಬುದು ಪೊಲೀಸರ ಆರೋಪ. ಕ್ಯಾಮೆರಾ, ಅಲಾರಂ ಎಷ್ಟು ಮುಖ್ಯವೋ ಕೀ ರಿಜಿಸ್ಟರ್ ಅಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಬ್ಬರ ಕೈಯಲ್ಲಿರಬೇಕಾದ ಎರಡು ಕೀ ಒಬ್ಬರ ಡ್ರಾಯರಿನಲ್ಲೇ ಇವೆಯೇ? ವರ್ಗವಾಗಿ ಹೋದವರು ಕೀ ಒಪ್ಪಿಸಿದ ದಿನ, ಸಹಿ ದಾಖಲಾಗಿದೆಯೇ? ಡೂಪ್ಲಿಕೇಟ್ ಕೀ ಬೇರೆ ಕಡೆ ಭದ್ರವಾಗಿದೆಯೇ? ಆಡಿಟ್ ವರದಿಯಲ್ಲಿ ಈ ಪ್ರಶ್ನೆಗಳಿಗೆ ಬರೀ ‘ಸರಿಯಿದೆ’ ಎಂದು ಟಿಕ್ ಹಾಕಿದರೆ ಸಾಲದು, ನೋಡಿದ ದಾಖಲೆಯ ದಿನಾಂಕ ಬರೆಯಬೇಕು. ಬಿಚ್ಚಿದ ಪ್ಯಾಕೆಟ್‌ಗಳನ್ನು ಎಲ್ಲರ ಸಹಿಯೊಂದಿಗೆ ಮತ್ತೆ ಸೀಲ್ ಮಾಡಿದ ಮೇಲೇ ಆಡಿಟರ್ ತಿಜೋರಿ ಬಿಟ್ಟು ಏಳಬೇಕು.

ಹರಾಜಿನ ಫೈಲುಗಳನ್ನು ನಾನು ಎಲ್ಲಕ್ಕಿಂತ ನಿಧಾನವಾಗಿ ಓದಬೇಕೆನ್ನುತ್ತೇನೆ, ಏಕೆಂದರೆ ಆ ಹೊತ್ತಿಗೆ ಒಡವೆಯ ಯಜಮಾನರು ಎದುರಿಗಿರುವುದಿಲ್ಲ. ಸಾಲಗಾರರಿಗೆ ನೋಟಿಸ್ ತಲುಪಿದ ಪುರಾವೆ ಇರಬೇಕು. ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದು. ಕನಿಷ್ಠ ಬೆಲೆ ಅಂದಿನ ಮೌಲ್ಯದ ಶೇ 90ಕ್ಕಿಂತ ಕಡಿಮೆ ಇರಕೂಡದು. ಎರಡು ಸಲ ಹರಾಜು ವಿಫಲವಾದರೆ ಮಾತ್ರ ಶೇ 85ಕ್ಕೆ ಇಳಿಸಬಹುದು. ಸಾಲ ಕೊಟ್ಟ ಸಂಸ್ಥೆ ತಾನೇ ಹರಾಜು ಕೂಗುವಂತಿಲ್ಲ. ಕೊಂಡವರ ಹೆಸರುಗಳನ್ನು ಸಾಲಾಗಿ ಬರೆದು ನೋಡಿದರೆ, ಪ್ರತಿ ಸಲವೂ ಒಬ್ಬರೇ ಕೊಳ್ಳುತ್ತಿದ್ದಾರೆಯೇ, ಅವರಿಗೂ ಅಪ್ರೈಸರ್‌ಗೂ ನಂಟಿದೆಯೇ ಎಂಬುದು ಹೊರಬೀಳುತ್ತದೆ. ಸಾಲ ಕಳೆದು ಉಳಿದ ಹಣ, ಹರಾಜಿನ ಪೂರ್ತಿ ಮೊತ್ತ ಕೈಸೇರಿದ 7 ಕೆಲಸದ ದಿನಗಳಲ್ಲಿ ಸಾಲಗಾರರಿಗೆ ಹೋಗಬೇಕು. ಅದು ಶಾಖೆಯ ಸಂಡ್ರಿ ಖಾತೆಯಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಅದನ್ನು ಸಣ್ಣ ಲೋಪ ಎಂದು ಬರೆಯಬಾರದು. ಅದು ಬೇರೆಯವರ ದುಡ್ಡು.

ಒಡವೆ ಅಡವಿಡುವವರಿಗೆ ಎರಡು ಮಾತು. ತೂಗುವಾಗ, ಒರೆ ಹಚ್ಚುವಾಗ ಎದುರಿಗೇ ನಿಲ್ಲಿ, ಅದು ನಿಮ್ಮ ಹಕ್ಕು. ಒಟ್ಟು ತೂಕ, ಕಳೆದ ತೂಕ, ಕ್ಯಾರೆಟ್ ಬರೆದ ಪ್ರಮಾಣಪತ್ರ ಕೇಳಿ ಪಡೆದು ಜೋಪಾನವಾಗಿಡಿ. ಮನೆ ಬದಲಿಸಿದರೆ, ಮೊಬೈಲ್ ನಂಬರ್ ಬದಲಾದರೆ ಬ್ಯಾಂಕಿಗೆ ತಿಳಿಸಿ, ಹರಾಜಿನ ನೋಟಿಸ್ ಹೋಗುವುದು ಅಲ್ಲಿಗೇ. ಪೂರ್ತಿ ಸಾಲ ತೀರಿಸಿದ ದಿನವೇ ಅಥವಾ ಹೆಚ್ಚೆಂದರೆ 7 ಕೆಲಸದ ದಿನಗಳಲ್ಲಿ ಒಡವೆ ನಿಮ್ಮ ಕೈಗೆ ಬರಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನಿರ್ದೇಶನ ಹೇಳುತ್ತದೆ.